ಉತ್ಪನ್ನವೂ ಬೆಲೆಮಟ್ಟವೂ: ಹೊಸೂರಿನ ಕಾರ್ಖಾನೆಗಳಿಂದ ಕಲಿಯಬಹುದಾದ ಒಂದು ಪಾಠ

2019ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಅಶೋಕ್ ಲೇಲ್ಯಾಂಡ್ ಲಾರಿ ಕಂಪನಿಯವರು ತಮ್ಮ ಕಾರ್ಖಾನೆಗಳಲ್ಲಿ ಕೆಲವು ದಿನ ಕೆಲಸವಿರುವುದಿಲ್ಲವೆಂದು ಪ್ರಕಟಿಸಿದರು. ಹೊಸೂರಿನ ಘಟಕಗಳಿಗೆ ಐದು ದಿನಗಳ ಬಿಡುವು. ಮದರಾಸಿನ ಬಳಿಯ ಎಣ್ಣೂರಿಗೆ ಹದಿನಾರು ದಿನಗಳು. ಆರು ತಿಂಗಳ ತರುವಾಯ, 2020ರ ಮಾರ್ಚ್ 25ರಂದು, ದೇಶವ್ಯಾಪಿ ನಿರ್ಬಂಧ ಜಾರಿಗೆ ಬಂದು ಹೊಸೂರಿನ ಬಹುಮಟ್ಟಿಗೆ ಎಲ್ಲ ಕಾರ್ಖಾನೆಗಳೂ ಬಾಗಿಲು ಮುಚ್ಚಿದವು. ಎರಡು ಸಂದರ್ಭಗಳಲ್ಲಿಯೂ ಯಂತ್ರಗಳು ನಿಂತವು, ಉತ್ಪನ್ನ ಕುಗ್ಗಿತು, ಕೂಲಿಯನ್ನು ನಂಬಿದ ಮನೆಗಳಿಗೆ ಆದಾಯ ತಪ್ಪಿತು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಬಗೆಯ ಕಷ್ಟ.

ಆದರೆ ಅರ್ಥಶಾಸ್ತ್ರದ ದೃಷ್ಟಿಯಿಂದ ಇವು ಒಂದೇ ಅಲ್ಲ. ಮೊದಲನೆಯದರಲ್ಲಿ ಲಾರಿ ಮಾಡುವವರಿದ್ದರು, ಕೊಳ್ಳುವವರಿರಲಿಲ್ಲ. ಎರಡನೆಯದರಲ್ಲಿ ಕೊಳ್ಳುವವರು ಕಡಿಮೆಯಾದದ್ದಲ್ಲದೆ, ಮಾಡುವುದಕ್ಕೂ ಅವಕಾಶವಿರಲಿಲ್ಲ. ಜ್ವರವೆಂಬುದು ಹಲವು ರೋಗಗಳಿಗೆ ಸಮಾನವಾದ ಲಕ್ಷಣವಾಗಿರುವಂತೆ, ಉತ್ಪನ್ನದ ಕುಸಿತವೂ ಬೇರೆ ಬೇರೆ ಕಾರಣಗಳಿಗೆ ಸಮಾನವಾದ ಲಕ್ಷಣ. ಒಂದು ರೋಗದ ಮದ್ದು ಮತ್ತೊಂದಕ್ಕೆ ವಿಷವಾಗಬಹುದು. ಹಾಗಾದರೆ ಕಾರಣವನ್ನು ಗುರುತಿಸುವುದು ಹೇಗೆ? ಉತ್ಪನ್ನವನ್ನು ಮಾತ್ರ ನೋಡದೆ ಬೆಲೆಮಟ್ಟವನ್ನೂ ಜೊತೆಯಲ್ಲಿಯೇ ನೋಡಬೇಕು ಎಂಬುದು ಈ ಪಾಠದ ಸಾರ.

೧. ಸಮಗ್ರ ಬೇಡಿಕೆ

ಒಂದು ದೇಶದಲ್ಲಿ ಒಂದು ವರ್ಷದಲ್ಲಿ ತಯಾರಾಗುವ ಸಕಲ ಸರಕು ಮತ್ತು ಸೇವೆಗಳನ್ನು ಕೊಳ್ಳಲು ಎಲ್ಲರೂ ಸೇರಿ ಸಿದ್ಧರಿರುವ ಮೊತ್ತಕ್ಕೆ ಸಮಗ್ರ ಬೇಡಿಕೆ ಎಂದು ಹೆಸರು. ಈ ಕೊಳ್ಳುವವರು ನಾಲ್ಕು ವರ್ಗದವರು. ಹೊಸೂರಿನ ಉದಾಹರಣೆಗಳಿಂದಲೇ ಇದನ್ನು ತಿಳಿಯಬಹುದು. ಒಂದು ಸಂಸಾರದವರು ಟಿ.ವಿ.ಎಸ್. ಕಾರ್ಖಾನೆಯ ದ್ವಿಚಕ್ರ ವಾಹನವನ್ನೋ, ಟೈಟಾನ್ ಗಡಿಯಾರವನ್ನೋ ಕೊಂಡರೆ ಅದು ಮನೆಯವರ ಅನುಭೋಗದ ವೆಚ್ಚ. ಸಾಗಣೆಯ ವ್ಯಾಪಾರಿ ಬಾಡಿಗೆಗೆ ಓಡಿಸಲು ಲಾರಿ ಕೊಂಡರೆ ಅದು ಹೂಡಿಕೆಯ ವೆಚ್ಚ. ಸರ್ಕಾರವು ಕೃಷ್ಣಗಿರಿಯ ಮೇಲೆ ಹಾಯುವ ಹೆದ್ದಾರಿಯಲ್ಲಿ ಮೇಲ್ಸೇತುವೆ ಕಟ್ಟಿಸಿದರೆ ಅದು ಸರ್ಕಾರಿ ವೆಚ್ಚ. ಹೊಸೂರಿನ ಗುಲಾಬಿ ವಿಮಾನವೇರಿ ಹೊರದೇಶಕ್ಕೆ ಹೋದರೆ ಅದು ರಫ್ತು. ನಾವು ಹೊರದೇಶದಿಂದ ಕೊಳ್ಳುವ ಆಮದನ್ನು ಇವುಗಳ ಮೊತ್ತದಿಂದ ಕಳೆಯಬೇಕು. ಏಕೆಂದರೆ ಆ ಬೇಡಿಕೆ ಹೊರನಾಡಿನ ಉತ್ಪನ್ನಕ್ಕೆ ಸಲ್ಲುತ್ತದೆ.

ಬೆಲೆಮಟ್ಟವೆಂದರೆ ಯಾವುದೋ ಒಂದು ವಸ್ತುವಿನ ಬೆಲೆಯಲ್ಲ. ಎಲ್ಲ ವಸ್ತುಗಳ ಬೆಲೆಗಳ ತೂಗಿದ ಸರಾಸರಿ. ಈ ಮಟ್ಟ ಏರಿದಾಗ ಸಮಗ್ರ ಬೇಡಿಕೆ ತಗ್ಗುತ್ತದೆ. ಜನರ ಕೈಯಲ್ಲಿರುವ ಹಣ ಅಷ್ಟೇ ಇದ್ದು ಎಲ್ಲದರ ಬೆಲೆ ಹೆಚ್ಚಿದರೆ, ಆ ಹಣಕ್ಕೆ ದೊರೆಯುವ ಸರಕು ಕಡಿಮೆ. ಅದೇ ವ್ಯವಹಾರಕ್ಕೆ ಹೆಚ್ಚು ಹಣ ಬೇಕಾಗಿ ಸಾಲಕ್ಕೆ ಜನ ಮುಗಿಬೀಳುವುದರಿಂದ ಬಡ್ಡಿ ಏರಿ, ಲಾರಿ ಮತ್ತು ಮನೆಗಳನ್ನು ಕೊಳ್ಳುವವರು ಹಿಂಜರಿಯುತ್ತಾರೆ. ನಮ್ಮ ಸರಕು ತುಟ್ಟಿಯಾದದ್ದರಿಂದ ಹೊರನಾಡಿನವರೂ ಬೇರೆಡೆ ಕೊಳ್ಳುತ್ತಾರೆ.

ಇಲ್ಲಿ ವಿದ್ಯಾರ್ಥಿಗಳು ಒಂದು ಭೇದವನ್ನು ಮನಸ್ಸಿನಲ್ಲಿಡಬೇಕು. ಬೆಲೆಮಟ್ಟ ಬದಲಾದುದರಿಂದಲೇ ಕೊಳ್ಳುವ ಮೊತ್ತ ಬದಲಾದರೆ ನಾವು ಬೇಡಿಕೆಯ ರೇಖೆಯ ಮೇಲೆಯೇ ಮೇಲಕ್ಕೋ ಕೆಳಕ್ಕೋ ಚಲಿಸಿದಂತಾಯಿತು. ಬೆಲೆಮಟ್ಟ ಹಾಗೆಯೇ ಇದ್ದು ಬೇರೆ ಕಾರಣದಿಂದ, ಅಂದರೆ ಸಾಲ ದುರ್ಲಭವಾದುದರಿಂದ, ತೆರಿಗೆ ಇಳಿದುದರಿಂದ, ಮುಂದಿನ ಕಾಲದ ಭಯದಿಂದ, ಕೊಳ್ಳುವ ಮೊತ್ತ ಬದಲಾದರೆ ರೇಖೆಯೇ ಸ್ಥಾನ ಬಿಟ್ಟು ಸರಿದಂತಾಯಿತು. ರೇಖೆ ಎಡಕ್ಕೆ ಸರಿದರೆ ಬೇಡಿಕೆ ಕುಗ್ಗಿತೆಂದೂ, ಬಲಕ್ಕೆ ಸರಿದರೆ ಹಿಗ್ಗಿತೆಂದೂ ಅರ್ಥ.

೨. ಅಲ್ಪಾವಧಿಯ ಸಮಗ್ರ ಪೂರೈಕೆ

ಆಯಾ ಬೆಲೆಮಟ್ಟದಲ್ಲಿ ಉತ್ಪಾದಕರೆಲ್ಲರೂ ಸೇರಿ ಎಷ್ಟು ಸರಕನ್ನು ತಯಾರಿಸಲು ಒಪ್ಪುತ್ತಾರೆಂಬುದೇ ಸಮಗ್ರ ಪೂರೈಕೆ. ಬೆಲೆಮಟ್ಟ ಏರಿದಾಗ ಇದು ಅಲ್ಪಾವಧಿಯಲ್ಲಿ ಹೆಚ್ಚುತ್ತದೆ. ಇದರ ಕಾರಣವನ್ನು ಹೊಸೂರಿನ ಸಿಪ್ಕಾಟ್ ಕೈಗಾರಿಕಾ ವಸಾಹತಿನ ಒಂದು ಸಣ್ಣ ಘಟಕವನ್ನು ಊಹಿಸಿಕೊಂಡು ನೋಡೋಣ. ದೊಡ್ಡ ವಾಹನ ಕಾರ್ಖಾನೆಗೆ ಕಬ್ಬಿಣದ ಬಿಡಿಭಾಗಗಳನ್ನು ಕೊರೆದು ಕೊಡುವುದು ಈ ಘಟಕದ ಕೆಲಸ. ಇದರ ಮಾಲೀಕನು ಕಟ್ಟಡದ ಬಾಡಿಗೆಯನ್ನು ವರ್ಷಗಳ ಕರಾರಿನಿಂದ ಗೊತ್ತುಮಾಡಿದ್ದಾನೆ. ಕೆಲಸಗಾರರ ಸಂಬಳವೂ ಒಪ್ಪಂದದಂತೆ ನಿಂತಿದೆ. ಮಾರುವ ಬೆಲೆ ಏರಿ ಈ ಖರ್ಚುಗಳು ಹಾಗೆಯೇ ಇದ್ದರೆ ಪ್ರತಿ ಬಿಡಿಭಾಗದ ಮೇಲೂ ಲಾಭ ಹೆಚ್ಚು. ಆದ್ದರಿಂದ ಆತನು ಇನ್ನೊಂದು ಪಾಳಿಯನ್ನು ನಡೆಸುತ್ತಾನೆ. ಬೆಲೆ ಇಳಿದು ಖರ್ಚು ಹಾಗೆಯೇ ಇದ್ದರೆ ಪಾಳಿಯನ್ನು ನಿಲ್ಲಿಸುತ್ತಾನೆ.

ಅಲ್ಪಾವಧಿ ಎಂಬುದು ಪಂಚಾಂಗದ ಅಳತೆಯಲ್ಲ. ಸಂಬಳ, ಬಾಡಿಗೆ, ಕರಾರಿನ ದರಗಳು ಹೊಸ ಬೆಲೆಗಳಿಗೆ ಇನ್ನೂ ಹೊಂದಿಕೊಂಡಿಲ್ಲದ ಅವಧಿಯೇ ಅಲ್ಪಾವಧಿ. ಅವೆಲ್ಲವೂ ಹೊಂದಿಕೊಂಡ ಮೇಲೆ ಮಾಲೀಕನಿಗೆ ಹೆಚ್ಚಿನ ಲಾಭ ಉಳಿಯುವುದಿಲ್ಲ. ಎರಡನೆಯ ಪಾಳಿಯೂ ಉಳಿಯುವುದಿಲ್ಲ.

ಪೂರೈಕೆಯ ರೇಖೆ ಸ್ಥಾನ ಬಿಟ್ಟು ಸರಿಯುವುದು ತಯಾರಿಕೆಯ ಖರ್ಚು ಅಥವಾ ಸಾಮರ್ಥ್ಯ ಬದಲಾದಾಗ. ಡೀಸೆಲ್, ವಿದ್ಯುತ್ತು, ಉಕ್ಕು ತುಟ್ಟಿಯಾದರೆ, ಮಳೆ ಕೈಕೊಟ್ಟರೆ, ಕೆಲಸಗಾರರು ಊರು ಬಿಟ್ಟರೆ ರೇಖೆ ಎಡಕ್ಕೆ ಸರಿಯುತ್ತದೆ. ಇವು ಅಗ್ಗವಾದರೆ, ಮಳೆಬೆಳೆ ಚೆನ್ನಾದರೆ ಬಲಕ್ಕೆ ಸರಿಯುತ್ತದೆ.

೩. ಒಂದು ಸಣ್ಣ ಲೆಕ್ಕ

ಮೇಲಿನ ಎರಡು ಸಂಗತಿಗಳನ್ನು ಒಟ್ಟಿಗಿಟ್ಟು ನೋಡಲು ಸುಲಭವಾದ ಅಂಕಿಗಳನ್ನು ಕಲ್ಪಿಸಿಕೊಳ್ಳೋಣ. ಇವು ಪಾಠಕ್ಕಾಗಿ ಮಾಡಿಕೊಂಡವೇ ಹೊರತು ಯಾವ ದೇಶದ ನಿಜವಾದ ಲೆಕ್ಕವೂ ಅಲ್ಲ. ಬೇಡಿಕೆಯು 200ರಿಂದ ಬೆಲೆಮಟ್ಟವನ್ನು ಕಳೆದಷ್ಟು. ಪೂರೈಕೆಯು ಬೆಲೆಮಟ್ಟದಷ್ಟೇ ಎಂದಿಟ್ಟುಕೊಳ್ಳಿ.

| ಬೆಲೆಮಟ್ಟ | ಬೇಡಿಕೆ | ಪೂರೈಕೆ |
|---|---|---|
| 80 | 120 | 80 |
| 90 | 110 | 90 |
| 100 | 100 | 100 |
| 110 | 90 | 110 |
| 120 | 80 | 120 |

ಬೆಲೆಮಟ್ಟ 110 ಇದ್ದಾಗ ತಯಾರಾಗುವುದು 110, ಮಾರಾಟವಾಗುವುದು 90. ಇಪ್ಪತ್ತರಷ್ಟು ಸರಕು ಗೋದಾಮಿನಲ್ಲಿ ಉಳಿಯುತ್ತದೆ. ವ್ಯಾಪಾರಿಗಳು ರಿಯಾಯಿತಿ ಕೊಡುತ್ತಾರೆ, ಕಾರ್ಖಾನೆಗೆ ಕಳುಹಿಸುವ ಬೇಡಿಕೆಪತ್ರವನ್ನು ಇಳಿಸುತ್ತಾರೆ. ಬೆಲೆಮಟ್ಟ 90 ಇದ್ದಾಗ ಇದಕ್ಕೆ ವಿರುದ್ಧವಾಗಿ ಸರಕಿಗೆ ಅಭಾವವುಂಟಾಗಿ ಬೆಲೆ ಏರುತ್ತದೆ. ಎರಡೂ ಸಮನಾಗುವುದು ಬೆಲೆಮಟ್ಟ 100, ಉತ್ಪನ್ನ 100 ಇರುವಲ್ಲಿ ಮಾತ್ರ. ಇದು ಸಮತೋಲನದ ಬಿಂದು.

ಈಗ ಸಾಲ ದೊರೆಯದೆ ಪ್ರತಿಯೊಂದು ಬೆಲೆಮಟ್ಟದಲ್ಲಿಯೂ ಬೇಡಿಕೆ 20ರಷ್ಟು ಕುಗ್ಗಿತೆಂದು ಭಾವಿಸಿ. ಎರಡನೆಯ ಅಂಕಣದ ಎಲ್ಲ ಅಂಕಿಗಳಿಂದಲೂ 20ನ್ನು ಕಳೆಯಿರಿ. ಬೆಲೆಮಟ್ಟ 90 ಇರುವ ಸಾಲಿನಲ್ಲಿ ಬೇಡಿಕೆ 90, ಪೂರೈಕೆಯೂ 90. ಹೊಸ ಸಮತೋಲನ ಅಲ್ಲಿ: ಬೆಲೆ ಇಳಿಯಿತು, ಉತ್ಪನ್ನವೂ ಇಳಿಯಿತು.

ಬೇಡಿಕೆಯನ್ನು ಮೊದಲಿನಂತೆಯೇ ಬಿಟ್ಟು, ಖರ್ಚು ಹೆಚ್ಚಿದುದರಿಂದ ಪೂರೈಕೆ ಪ್ರತಿಯೊಂದು ಬೆಲೆಮಟ್ಟದಲ್ಲಿಯೂ 20ರಷ್ಟು ಕುಗ್ಗಿತೆಂದು ಭಾವಿಸಿ. ಮೂರನೆಯ ಅಂಕಣದಿಂದ 20ನ್ನು ಕಳೆಯಿರಿ. ಬೆಲೆಮಟ್ಟ 110 ಇರುವ ಸಾಲಿನಲ್ಲಿ ಎರಡೂ 90 ಆಗುತ್ತವೆ. ಉತ್ಪನ್ನ ಇಳಿಯಿತು, ಆದರೆ ಬೆಲೆ ಏರಿತು.

ಎರಡು ಸಂದರ್ಭಗಳಲ್ಲಿಯೂ ಉತ್ಪನ್ನ 90ಕ್ಕೇ ಇಳಿದಿದೆ. ಉತ್ಪನ್ನದ ಅಂಕಿಯನ್ನು ಮಾತ್ರ ಕೈಗೆ ಕೊಟ್ಟರೆ ಕಾರಣವನ್ನು ಹೇಳಲು ಯಾರಿಗೂ ಸಾಧ್ಯವಿಲ್ಲ. ಬೆಲೆಮಟ್ಟ 90 ಎಂದು ತಿಳಿದರೆ ಪೆಟ್ಟು ಬಿದ್ದದ್ದು ಬೇಡಿಕೆಗೆ. 110 ಎಂದು ತಿಳಿದರೆ ಪೂರೈಕೆಗೆ. ಬೇಡಿಕೆ ಸರಿದಾಗ ಬೆಲೆಯೂ ಉತ್ಪನ್ನವೂ ಒಂದೇ ದಿಕ್ಕಿನಲ್ಲಿ ನಡೆಯುತ್ತವೆ. ಪೂರೈಕೆ ಸರಿದಾಗ ಎದುರುಬದುರಾಗಿ ನಡೆಯುತ್ತವೆ.

೪. 2019: ಕೊಳ್ಳುವವರು ಹಿಂದೆಗೆದ ವರ್ಷ

ಇನ್ನು ಹೊಸೂರಿನ ಮೊದಲನೆಯ ಸಂಗತಿಯನ್ನು ಪರೀಕ್ಷಿಸೋಣ. 2018ರ ಸೆಪ್ಟೆಂಬರ್ ಹೊತ್ತಿಗೆ ಐ.ಎಲ್. ಅಂಡ್ ಎಫ್.ಎಸ್. ಎಂಬ ದೊಡ್ಡ ಹಣಕಾಸು ಸಂಸ್ಥೆ ತನ್ನ ಸಾಲದ ಕಂತುಗಳನ್ನು ತೀರಿಸಲಾರದೆ ಹೋಯಿತು. ಇದರಿಂದ ಬ್ಯಾಂಕುಗಳಲ್ಲದ ಇತರ ಹಣಕಾಸು ಕಂಪನಿಗಳಿಗೂ ಹಣ ದೊರೆಯುವುದು ಕಷ್ಟವಾಯಿತು. ಲಾರಿ ಮತ್ತು ದ್ವಿಚಕ್ರ ವಾಹನಗಳನ್ನು ಕೊಳ್ಳುವವರಲ್ಲಿ ಅನೇಕರು ಇಂತಹ ಕಂಪನಿಗಳ ಸಾಲದಿಂದಲೇ ಕೊಳ್ಳುವವರು. ಸಾಲದ ಬಾಗಿಲು ಮುಚ್ಚಿದೊಡನೆ ಬೇಡಿಕೆಯ ಬಾಗಿಲೂ ಮುಚ್ಚಿತು. ಲಾರಿಗಳ ವಿಷಯದಲ್ಲಿ ಇನ್ನೊಂದು ವಿಶೇಷವೂ ಕೂಡಿಕೊಂಡಿತು: 2018ರ ಜುಲೈನಲ್ಲಿ ಭಾರದ ನಿಯಮ ಸಡಿಲಗೊಂಡು ಒಂದೊಂದು ಲಾರಿಯೂ ಮೊದಲಿಗಿಂತ ಶೇಕಡ 20ರಿಂದ 25ರಷ್ಟು ಹೆಚ್ಚು ಹೊರಬಹುದಾಯಿತು. ಹಳೆಯ ಲಾರಿಯೇ ಹೆಚ್ಚು ಹೊರುವುದಾದರೆ ಹೊಸದಕ್ಕೆ ಅವಸರವೇನು?

ಲಾರಿ ನಿಂತರೆ ಲಾರಿಯ ಕಾರ್ಖಾನೆ ಮಾತ್ರ ನಿಲ್ಲುವುದಿಲ್ಲ. ಬಿಡಿಭಾಗಗಳ ಸಣ್ಣ ಘಟಕಕ್ಕೆ ಕೆಲಸ ಕಡಿಮೆಯಾಗುತ್ತದೆ. ಅಲ್ಲಿನ ಕೆಲಸಗಾರನ ಹೆಚ್ಚುವರಿ ವೇಳೆಯ ಕೂಲಿ ತಪ್ಪುತ್ತದೆ. ಆತನ ಊಟದ ಅಂಗಡಿಗೂ, ಬಾಡಿಗೆ ಕೊಡುವ ಮನೆಯವರಿಗೂ ಆದಾಯ ಕುಗ್ಗುತ್ತದೆ. ಒಬ್ಬನ ಖರ್ಚು ಮತ್ತೊಬ್ಬನ ಆದಾಯವಾದ್ದರಿಂದ ಮೊದಲ ಕುಸಿತ ಗುಣಿಸಿಕೊಳ್ಳುತ್ತ ಹೋಗುತ್ತದೆ. ಒಂದು ಕೈಗಾರಿಕೆಯ ಬೇಡಿಕೆಯ ಕುಸಿತ ಸಮಗ್ರ ಬೇಡಿಕೆಯ ಕುಸಿತವಾಗಿ ಹರಡುವ ಮಾರ್ಗಗಳಲ್ಲಿ ಇದೂ ಒಂದು.

ಬೆಲೆಗಳು ಏನು ಹೇಳಿದವು? 2019ರ ಆಗಸ್ಟಿನಿಂದ ಅಕ್ಟೋಬರಿನವರೆಗೆ ದೇಶದ ಕೈಗಾರಿಕಾ ಉತ್ಪನ್ನ ಹಿಂದಿನ ವರ್ಷದ ಅದೇ ತಿಂಗಳುಗಳಿಗಿಂತ ಕಡಿಮೆಯಾಗಿತ್ತು. ಅದೇ ಅಕ್ಟೋಬರಿನಲ್ಲಿ ಸಗಟು ಬೆಲೆಗಳು ವರ್ಷದಲ್ಲಿ ಶೇಕಡ ಕಾಲುಭಾಗದಷ್ಟೂ ಏರಿರಲಿಲ್ಲ. ಕಾರ್ಖಾನೆಯ ಸರಕಿನ ಸಗಟು ಬೆಲೆ ಹಿಂದಿನ ವರ್ಷಕ್ಕಿಂತ ಸ್ವಲ್ಪ ಇಳಿದೇ ಇತ್ತು. ಉತ್ಪನ್ನವೂ ಬೆಲೆಯೂ ಒಂದೇ ದಿಕ್ಕಿನಲ್ಲಿ, ಕೆಳಮುಖವಾಗಿ. ಬೇಡಿಕೆಯ ರೇಖೆ ಎಡಕ್ಕೆ ಸರಿದುದರ ಗುರುತು ಇದೇ.

ಸೂಕ್ಷ್ಮವಾಗಿ ನೋಡುವವರಿಗೆ ಇಲ್ಲಿ ಇನ್ನೊಂದು ಅಂಶ ಕಾಣುತ್ತದೆ. ನಮ್ಮ ಲೆಕ್ಕದಲ್ಲಿ ಬೇಡಿಕೆ 20ರಷ್ಟು ಕುಗ್ಗಿದರೂ ಉತ್ಪನ್ನ ಇಳಿದದ್ದು 10 ಮಾತ್ರ. ಉಳಿದ ಪೆಟ್ಟನ್ನು ಬೆಲೆಯ ಇಳಿತ ನುಂಗಿಕೊಂಡಿತು. ಬೆಲೆ ಕೊಂಚವೂ ಇಳಿಯದಿದ್ದರೆ ಉತ್ಪನ್ನ ಪೂರ್ತಿ 20ರಷ್ಟು ಇಳಿದು 80 ಆಗುತ್ತಿತ್ತು. ನಿಜ ಜೀವನದಲ್ಲಿ ಕಾರ್ಖಾನೆಗಳು ಬೆಲೆಯ ಪಟ್ಟಿಯನ್ನು ಬೇಗ ತಿದ್ದುವುದಿಲ್ಲ, ಸಂಬಳವನ್ನಂತೂ ಇಳಿಸಲಾಗದು. ಆದ್ದರಿಂದ ಮೊದಲು ಇಳಿಯುವುದು ಕೆಲಸದ ದಿನಗಳು. ಬೆಲೆ ಎಷ್ಟು ಬಿಗಿಯೋ, ಕೆಲಸಗಾರನ ಮೇಲೆ ಬೀಳುವ ಭಾರ ಅಷ್ಟು ಹೆಚ್ಚು.

೫. 1979-80: ಪೂರೈಕೆ ಕುಸಿದ ವರ್ಷ

ಪೂರೈಕೆಯ ಪೆಟ್ಟಿಗೆ ಸ್ಪಷ್ಟವಾದ ನಿದರ್ಶನ ಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1979-80ನೆಯ ವರ್ಷ, ಹೊಸೂರಿನಲ್ಲಿ ದ್ವಿಚಕ್ರ ವಾಹನದ ಮತ್ತು ಲಾರಿಯ ಕಾರ್ಖಾನೆಗಳು ತಲೆಯೆತ್ತುತ್ತಿದ್ದ ಕಾಲ. ಆ ವರ್ಷ ದೇಶದಲ್ಲಿ ಮುಂಗಾರು ತೀವ್ರವಾಗಿ ಕೈಕೊಟ್ಟು ಬೆಳೆ ಒಣಗಿತು. ಇದೇ ಸಮಯಕ್ಕೆ ಇರಾನಿನಲ್ಲಿ ಕ್ರಾಂತಿಯಾಗಿ ಜಗತ್ತಿನ ಕಚ್ಚಾ ತೈಲದ ಬೆಲೆ ಇಮ್ಮಡಿಗೂ ಮೀರಿತು. ಒಂದು ಕಡೆ ಹೊಲದ ಪೂರೈಕೆಯೂ ಮತ್ತೊಂದು ಕಡೆ ಕಾರ್ಖಾನೆ ಹಾಗೂ ಸಾಗಣೆಗಳ ಪೂರೈಕೆಯೂ ಏಕಕಾಲದಲ್ಲಿ ಎಡಕ್ಕೆ ಸರಿದವು.

ಫಲವೇನಾಯಿತೆಂದರೆ, ಆ ವರ್ಷ ದೇಶದ ಒಟ್ಟು ಉತ್ಪನ್ನ ಸುಮಾರು ಶೇಕಡ 5ರಷ್ಟು ಕುಗ್ಗಿತು; ಸಗಟು ಬೆಲೆಗಳು ಸುಮಾರು ಶೇಕಡ 17ರಷ್ಟು ಏರಿದವು. ಉತ್ಪನ್ನ ಕೆಳಕ್ಕೆ, ಬೆಲೆ ಮೇಲಕ್ಕೆ. 2019ರೊಡನೆ ಇದನ್ನು ಹೋಲಿಸಿದರೆ ಎರಡು ರೋಗಗಳ ಭೇದ ಕಣ್ಣಿಗೆ ಕಟ್ಟುತ್ತದೆ. ಬೇಡಿಕೆ ಕುಗ್ಗಿದಾಗ ಕೆಲಸ ಹೋಗುತ್ತದೆ, ಆದರೆ ಇರುವ ಹಣಕ್ಕೆ ಬೆಲೆಯಿರುತ್ತದೆ. ಪೂರೈಕೆ ಕುಗ್ಗಿದಾಗ ಕೆಲಸವೂ ಹೋಗುತ್ತದೆ, ಉಳಿದ ಹಣವೂ ಸವೆಯುತ್ತದೆ. ಸಂಸಾರಸ್ಥರಿಗೆ ಇದು ಎರಡು ಕಡೆಯ ಹೊಡೆತ.

೬. 2020: ಎರಡು ರೇಖೆಗಳೂ ಸರಿದಾಗ

2020ರ ಏಪ್ರಿಲಿನ ಸ್ಥಿತಿ ಇವೆರಡಕ್ಕಿಂತ ಗೋಜಲಾದುದು. ಕಾರ್ಖಾನೆಗಳು ಮುಚ್ಚಿದ್ದವು, ಉತ್ತರದ ಮತ್ತು ಪೂರ್ವದ ರಾಜ್ಯಗಳಿಂದ ಬಂದಿದ್ದ ಕೆಲಸಗಾರರಲ್ಲಿ ಅನೇಕರು ತಮ್ಮ ಊರುಗಳಿಗೆ ಹೊರಟುಹೋದರು, ಅತ್ತಿಬೆಲೆ ಮತ್ತು ಜೂಜುವಾಡಿಗಳ ನಡುವಣ ರಾಜ್ಯದ ಗಡಿಯನ್ನು ದಿನವೂ ದಾಟುತ್ತಿದ್ದವರಿಗೆ ಅನುಮತಿಪತ್ರ ಬೇಕಾಯಿತು. ಇವೆಲ್ಲವೂ ಪೂರೈಕೆಯನ್ನು ಎಡಕ್ಕೆ ತಳ್ಳಿದವು. ಜೊತೆಗೇ ಕೂಲಿ ನಿಂತವರು ಖರ್ಚನ್ನು ಬಿಗಿಹಿಡಿದರು. ಸಂಬಳ ನಿಲ್ಲದವರೂ ಮುಂದೇನಾಗುವುದೋ ಎಂಬ ಭಯದಿಂದ ಹಣವನ್ನು ಕೂಡಿಟ್ಟರು. ಮದುವೆ, ಜಾತ್ರೆ, ಹಬ್ಬಗಳು ನಿಂತು ಹೊಸೂರಿನ ಹೂವನ್ನು ಕೇಳುವವರಿಲ್ಲವಾಯಿತು. ಇದು ಬೇಡಿಕೆಯನ್ನೂ ಎಡಕ್ಕೆ ತಳ್ಳಿತು.

ಎರಡು ರೇಖೆಗಳೂ ಎಡಕ್ಕೆ ಸರಿದರೆ ಉತ್ಪನ್ನ ಇಳಿಯುವುದು ನಿಶ್ಚಯ. ಬೆಲೆ ಮಾತ್ರ ಎತ್ತ ಹೋಗುವುದೆಂದು ಮುಂಚಿತವಾಗಿ ಹೇಳಲಾಗದು. ಯಾವ ರೇಖೆ ಹೆಚ್ಚು ಸರಿಯಿತೋ ಅದು ಬೆಲೆಯನ್ನು ತನ್ನೆಡೆಗೆ ಎಳೆಯುತ್ತದೆ. ನಮ್ಮ ಲೆಕ್ಕದಲ್ಲಿ ಬೇಡಿಕೆ 20, ಪೂರೈಕೆ 30 ಕುಗ್ಗಿದರೆ ಬೆಲೆಮಟ್ಟ 105ಕ್ಕೆ ಏರಿ ಉತ್ಪನ್ನ 75ಕ್ಕೆ ಬೀಳುತ್ತದೆ. (ಬೇಡಿಕೆ 180ರಲ್ಲಿ 105 ಕಳೆದರೆ 75, ಪೂರೈಕೆ 105ರಲ್ಲಿ 30 ಕಳೆದರೆ 75.) ಎರಡೂ 20ರಷ್ಟೇ ಕುಗ್ಗಿದ್ದರೆ ಬೆಲೆ 100ರಲ್ಲಿಯೇ ನಿಂತು ಉತ್ಪನ್ನ 80 ಆಗುತ್ತಿತ್ತು.

ನಡೆದದ್ದೇನು? 2020ರ ಏಪ್ರಿಲಿನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ಭಾರತದ ಒಟ್ಟು ಉತ್ಪನ್ನ ಹಿಂದಿನ ವರ್ಷಕ್ಕಿಂತ ಬಹುಮಟ್ಟಿಗೆ ನಾಲ್ಕನೆಯ ಒಂದು ಭಾಗದಷ್ಟು ಕುಸಿಯಿತು. 2020-21ನೆಯ ಇಡೀ ವರ್ಷದಲ್ಲಿ ಉತ್ಪನ್ನ ಸುಮಾರು ಶೇಕಡ 6ರಷ್ಟು ಕುಗ್ಗಿತು. ಚಿಲ್ಲರೆ ಬೆಲೆಗಳ ಏರಿಕೆ ಮಾತ್ರ ಹಿಂದಿನ ವರ್ಷ ಸರಾಸರಿ ಶೇಕಡ 4.8 ಇದ್ದದ್ದು ಈ ವರ್ಷ 6.2 ಆಯಿತು. ಉತ್ಪನ್ನ ಅಷ್ಟು ಕುಸಿದ ವರ್ಷದಲ್ಲಿಯೂ ಬೆಲೆಗಳ ಏರಿಕೆ ಚುರುಕಾದುದರಿಂದ ಬೇಡಿಕೆಯ ಕುಸಿತದೊಡನೆ ಪೂರೈಕೆಯ ಪೆಟ್ಟೂ ಬಲವಾಗಿತ್ತೆಂದು ತಿಳಿಯಬಹುದು.

೭. ರೋಗಕ್ಕೆ ತಕ್ಕ ಮದ್ದು

ಕಾರಣವನ್ನು ಬೇರ್ಪಡಿಸಲು ಇಷ್ಟು ಶ್ರಮ ಪಟ್ಟದ್ದೇಕೆ ಎಂಬ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ರಿಸರ್ವ್ ಬ್ಯಾಂಕಿನ ಕೈಯಲ್ಲಿರುವ ಮುಖ್ಯ ಸಾಧನ ಬಡ್ಡಿಯ ದರ. ಅದು ನೇರವಾಗಿ ಮುಟ್ಟುವುದು ಬೇಡಿಕೆಯ ರೇಖೆಯನ್ನು. ಬಡ್ಡಿ ಇಳಿದರೆ ಸಾಲ ಸುಲಭವಾಗಿ ಬೇಡಿಕೆ ಬಲಕ್ಕೂ, ಏರಿದರೆ ಎಡಕ್ಕೂ ಸರಿಯುತ್ತದೆ. ಮಳೆಯನ್ನು ಸುರಿಸುವುದಾಗಲಿ, ಇರಾನಿನ ತೈಲವನ್ನು ಅಗ್ಗ ಮಾಡುವುದಾಗಲಿ ಬಡ್ಡಿಯಿಂದ ಆಗದ ಕೆಲಸ.

ಪೆಟ್ಟು ಬಿದ್ದದ್ದು ಬೇಡಿಕೆಗಾದರೆ ದಾರಿ ಸುಗಮ. ನಮ್ಮ ಲೆಕ್ಕದಲ್ಲಿ ಕುಗ್ಗಿದ ಬೇಡಿಕೆಯನ್ನು ಮತ್ತೆ 20ರಷ್ಟು ಹಿಗ್ಗಿಸಿದರೆ ಬೆಲೆ 100ಕ್ಕೂ ಉತ್ಪನ್ನ 100ಕ್ಕೂ ಮರಳುತ್ತವೆ. 2019ರಲ್ಲಿ ಈ ಮಾರ್ಗವನ್ನೇ ಹಿಡಿಯಲಾಯಿತು. ಆ ವರ್ಷದ ಫೆಬ್ರವರಿಯಿಂದ ಅಕ್ಟೋಬರಿನೊಳಗೆ ರಿಸರ್ವ್ ಬ್ಯಾಂಕು ತನ್ನ ರೆಪೋ ದರವನ್ನು ಐದು ಸಲ ಇಳಿಸಿ ಶೇಕಡ 6.50ರಿಂದ 5.15ಕ್ಕೆ ತಂದಿತು. ಸೆಪ್ಟೆಂಬರ್ 20ರಂದು ಸರ್ಕಾರವು ಕಂಪನಿಗಳ ಆದಾಯ ತೆರಿಗೆಯ ಮೂಲದರವನ್ನು ಶೇಕಡ 30ರಿಂದ, ವಿನಾಯಿತಿಗಳನ್ನು ಬಿಟ್ಟುಕೊಡುವ ಕಂಪನಿಗಳಿಗೆ, 22ಕ್ಕೆ ಇಳಿಸಿತು. ಆದರೆ ದರ ಇಳಿದ ಮರುದಿನವೇ ಲಾರಿ ಮಾರಾಟವಾಗುವುದಿಲ್ಲ. ಬ್ಯಾಂಕುಗಳು ಇಳಿತವನ್ನು ಸಾಲಗಾರರಿಗೆ ನಿಧಾನವಾಗಿ ದಾಟಿಸುತ್ತವೆ. ಕೊಡುವವರಿಗೆ ಧೈರ್ಯವಿಲ್ಲದಿದ್ದರೆ ಅಗ್ಗದ ಸಾಲವೂ ಕೈಗೆ ಬರುವುದಿಲ್ಲ.

ಪೆಟ್ಟು ಬಿದ್ದದ್ದು ಪೂರೈಕೆಗಾದರೆ ಎರಡು ದಾರಿಗಳಲ್ಲಿಯೂ ಮುಳ್ಳು. ಬೆಲೆ 110, ಉತ್ಪನ್ನ 90 ಇರುವ ಸ್ಥಿತಿಯಲ್ಲಿ ಕೆಲಸ ಉಳಿಸಬೇಕೆಂದು ಬೇಡಿಕೆಯನ್ನು 20ರಷ್ಟು ಹಿಗ್ಗಿಸಿದರೆ ಉತ್ಪನ್ನ 100ಕ್ಕೆ ಮರಳುತ್ತದೆ, ಬೆಲೆ ಮಾತ್ರ 120ಕ್ಕೆ ನೆಗೆಯುತ್ತದೆ. ಬೆಲೆ ಇಳಿಸಬೇಕೆಂದು ಬೇಡಿಕೆಯನ್ನು 20ರಷ್ಟು ಕುಗ್ಗಿಸಿದರೆ ಬೆಲೆ 100ಕ್ಕೆ ಮರಳುತ್ತದೆ, ಉತ್ಪನ್ನ ಮಾತ್ರ 80ಕ್ಕೆ ಬೀಳುತ್ತದೆ. ಒಂದನ್ನು ಉಳಿಸಲು ಇನ್ನೊಂದನ್ನು ತೆರಬೇಕು.

2022ರಲ್ಲಿ ನಮ್ಮ ದೇಶ ಇಂತಹುದೇ ಇಕ್ಕಟ್ಟಿಗೆ ಸಿಕ್ಕಿತು. ಆ ವರ್ಷದ ಫೆಬ್ರವರಿಯಲ್ಲಿ ರಷ್ಯವು ಉಕ್ರೇನಿನ ಮೇಲೆ ಯುದ್ಧ ಸಾರಿದುದರಿಂದ ಕಚ್ಚಾ ತೈಲವೂ ಸೂರ್ಯಕಾಂತಿ ಎಣ್ಣೆಯೂ ತುಟ್ಟಿಯಾದವು. ಏಪ್ರಿಲಿನಲ್ಲಿ ಚಿಲ್ಲರೆ ಬೆಲೆಗಳ ಏರಿಕೆ ಶೇಕಡ 7.79ಕ್ಕೆ ಮುಟ್ಟಿತು. ಆದರೆ ಇದು 1979ರ ಪುನರಾವೃತ್ತಿಯಾಗಿರಲಿಲ್ಲ. ನಿರ್ಬಂಧಗಳು ಮುಗಿದು ಬೇಡಿಕೆ ಚೇತರಿಸಿಕೊಂಡು ಬಲಕ್ಕೆ ಸರಿಯುತ್ತಿದ್ದುದರಿಂದ ಉತ್ಪನ್ನ ಕುಸಿಯದೆ ಬೆಳೆಯುತ್ತಲೇ ಇತ್ತು. ಆದಕಾರಣ ಎರಡು ಕಡೆಯಿಂದ ಚಿಕಿತ್ಸೆ ನಡೆಯಿತು. ಮೇ 21ರಂದು ಕೇಂದ್ರ ಸರ್ಕಾರವು ಸುಂಕವನ್ನು ಪೆಟ್ರೋಲಿಗೆ ಲೀಟರಿಗೆ 8 ರೂಪಾಯಿ, ಡೀಸೆಲಿಗೆ 6 ರೂಪಾಯಿ ಇಳಿಸಿತು. ಸಾಗಣೆಯ ಖರ್ಚನ್ನು ತಗ್ಗಿಸುವುದರಿಂದ ಇದು ಪೂರೈಕೆಯ ರೇಖೆಗೆ ಕೊಟ್ಟ ಮದ್ದು. ರಿಸರ್ವ್ ಬ್ಯಾಂಕು ಮೇ ತಿಂಗಳಿಂದ ಮೊದಲುಗೊಂಡು 2023ರ ಫೆಬ್ರವರಿಯ ಹೊತ್ತಿಗೆ ರೆಪೋ ದರವನ್ನು ಶೇಕಡ 4ರಿಂದ 6.50ಕ್ಕೆ ಏರಿಸಿತು, ಇದು ಬೇಡಿಕೆಯ ರೇಖೆಗೆ ಹಾಕಿದ ಕಡಿವಾಣ. ಕಡಿವಾಣದ ಉದ್ದೇಶ ತೈಲವನ್ನು ಅಗ್ಗ ಮಾಡುವುದಲ್ಲ. ಬೆಲೆ ಏರುತ್ತಲೇ ಇರುತ್ತದೆಂಬ ನಿರೀಕ್ಷೆ ಬೇರೂರಿದರೆ ಅದರಂತೆ ಸಂಬಳ, ಬಾಡಿಗೆ, ಕರಾರುಗಳೂ ಏರಿ, ಪೂರೈಕೆಯ ರೇಖೆ ಮತ್ತೆ ಮತ್ತೆ ಎಡಕ್ಕೆ ಸರಿಯುತ್ತದೆ. ಅದನ್ನು ತಡೆಯುವುದೇ ಉದ್ದೇಶ.

೮. ತಪ್ಪು ದಾರಿ ಹಿಡಿಯದಂತೆ ಎರಡು ಎಚ್ಚರಿಕೆಗಳು

ಮೊದಲನೆಯದು, ಒಂದು ವಸ್ತುವಿನ ಬೆಲೆಯನ್ನು ಬೆಲೆಮಟ್ಟವೆಂದು ಭ್ರಮಿಸಬಾರದು. ರಾಯಕೋಟೆಯ ಮಾರುಕಟ್ಟೆಯಲ್ಲಿ ಟೊಮೇಟೊ ಒಂದು ತಿಂಗಳು ಕೇಳುವವರಿಲ್ಲದೆ ಬಿದ್ದಿರುವುದೂ, ಮತ್ತೊಂದು ತಿಂಗಳು ದುಬಾರಿಯಾಗುವುದೂ ಉಂಟು. ಇದು ಆ ಒಂದು ಬೆಳೆಯ ಹೆಚ್ಚುಕಡಿಮೆಯ ಫಲ. 2019ರ ಕೊನೆಯಲ್ಲಿ ಅಕಾಲ ಮಳೆಯಿಂದ ಈರುಳ್ಳಿ ಹಾಳಾಗಿ ಅದರ ಬೆಲೆ ಅನೇಕ ಪೇಟೆಗಳಲ್ಲಿ ಕಿಲೋಗೆ 100 ರೂಪಾಯಿ ಮೀರಿತು. ಡಿಸೆಂಬರಿನಲ್ಲಿ ಚಿಲ್ಲರೆ ಬೆಲೆಗಳ ಏರಿಕೆ ಶೇಕಡ 7 ದಾಟಿತು. ಅದನ್ನು ಮಾತ್ರ ನೋಡಿದವರು ಬೇಡಿಕೆ ಜೋರಾಗಿದೆಯೆಂದು ತೀರ್ಮಾನಿಸಬಹುದಿತ್ತು. ಆದುದರಿಂದಲೇ ಬಲ್ಲವರು ಆಹಾರ ಮತ್ತು ಇಂಧನಗಳನ್ನು ಬಿಟ್ಟು ಉಳಿದ ವಸ್ತುಗಳ ಬೆಲೆ ಹೇಗಿದೆಯೆಂದು ಬೇರೆಯಾಗಿ ನೋಡುತ್ತಾರೆ. ಆ ಬೆಲೆಗಳ ಏರಿಕೆ 2019ರಲ್ಲಿ ಮಂದವಾಗುತ್ತಲೇ ಬಂದಿತ್ತು.

ಎರಡನೆಯದು, ನಮ್ಮಂತಹ ಬೆಳೆಯುತ್ತಿರುವ ದೇಶದಲ್ಲಿ ಎರಡು ರೇಖೆಗಳೂ ಸಾಮಾನ್ಯವಾಗಿ ವರ್ಷದಿಂದ ವರ್ಷಕ್ಕೆ ಬಲಕ್ಕೆ ಸರಿಯುತ್ತಲೇ ಇರುತ್ತವೆ. ಬೇಡಿಕೆ ಕುಗ್ಗಿತೆಂದರೆ ಎಷ್ಟೋ ಸಲ ಅದು ಎಂದಿನಷ್ಟು ವೇಗವಾಗಿ ಬೆಳೆಯಲಿಲ್ಲವೆಂದೇ ಅರ್ಥ. 2019-20ರಲ್ಲಿ ದೇಶದ ಉತ್ಪನ್ನ ಕಡಿಮೆಯಾಗಲಿಲ್ಲ; ಅದರ ಬೆಳವಣಿಗೆ ಶೇಕಡ 4ರ ಆಸುಪಾಸಿಗೆ ಇಳಿಯಿತು. ಬೆಲೆಗಳೂ ಹಾಗೆಯೇ: ಅವು ನಿಜವಾಗಿ ಇಳಿಯುವುದು ಅಪರೂಪ, ಏರುವ ವೇಗ ತಗ್ಗುತ್ತದೆ. ಪಟ್ಟಿಯಲ್ಲಿ 100 ಇದ್ದದ್ದು 90 ಆಯಿತೆಂದು ಓದಿದುದನ್ನು, ಎಂದಿನ ದಾರಿಗಿಂತ ಹತ್ತರಷ್ಟು ಕೆಳಗೆ ಎಂದು ಓದಿಕೊಳ್ಳಬೇಕು.

ಅಭ್ಯಾಸ

1. ಮೇಲಿನ ಪಟ್ಟಿಯಲ್ಲಿ ಬೇಡಿಕೆ ಎಲ್ಲ ಬೆಲೆಮಟ್ಟಗಳಲ್ಲಿಯೂ 20ರಷ್ಟು ಹೆಚ್ಚಿದರೆ ಹೊಸ ಸಮತೋಲನ ಯಾವುದು?

2. ಮುಂಗಾರು ಚೆನ್ನಾಗಿ, ತೈಲವೂ ಅಗ್ಗವಾಗಿ ಪೂರೈಕೆ 20ರಷ್ಟು ಹೆಚ್ಚಿದರೆ?

3. ಕೆಳಗಿನವುಗಳಲ್ಲಿ ಯಾವುದು ಯಾವ ರೇಖೆಯನ್ನು ಎತ್ತ ಸರಿಸುತ್ತದೆ? (ಅ) ಹೊರದೇಶದವರು ಭಾರತದ ಸರಕುಗಳನ್ನು ಕೊಳ್ಳುವುದನ್ನು ಕಡಿಮೆ ಮಾಡುತ್ತಾರೆ. (ಆ) ಕಾರ್ಖಾನೆಗಳ ವಿದ್ಯುತ್ ದರ ಏರುತ್ತದೆ. (ಇ) ಸರ್ಕಾರವು ರಸ್ತೆಗಳ ನಿರ್ಮಾಣಕ್ಕೆ ಹೆಚ್ಚು ಹಣ ಖರ್ಚುಮಾಡುತ್ತದೆ. (ಈ) ಕೃಷ್ಣಗಿರಿಯಲ್ಲಿ ಮಾವು ವಿಪರೀತವಾಗಿ ಬಿಟ್ಟು ಅದರ ಬೆಲೆ ಮಾತ್ರ ಇಳಿಯುತ್ತದೆ.

4. ಒಂದು ವರ್ಷ ಉತ್ಪನ್ನವೂ ಏರಿದೆ, ಬೆಲೆಗಳೂ ಎಂದಿಗಿಂತ ವೇಗವಾಗಿ ಏರಿವೆ. ಮುಖ್ಯವಾಗಿ ಸರಿದದ್ದು ಯಾವ ರೇಖೆ?

ಉತ್ತರಗಳು

1. ಬೆಲೆಮಟ್ಟ 110, ಉತ್ಪನ್ನ 110.

2. ಬೆಲೆಮಟ್ಟ 90, ಉತ್ಪನ್ನ 110.

3. (ಅ) ಬೇಡಿಕೆ ಎಡಕ್ಕೆ. (ಆ) ಪೂರೈಕೆ ಎಡಕ್ಕೆ. (ಇ) ಬೇಡಿಕೆ ಬಲಕ್ಕೆ; ರಸ್ತೆ ಮುಗಿದು ಸಾಗಣೆ ಸುಲಭವಾದ ಮೇಲೆ ಪೂರೈಕೆಯೂ ಬಲಕ್ಕೆ. (ಈ) ಒಂದೇ ಸರಕಿನ ಮಾರುಕಟ್ಟೆಯ ಸಂಗತಿಯಾದುದರಿಂದ ಸಮಗ್ರ ರೇಖೆಗಳು ಹೇಳಿಕೊಳ್ಳುವಷ್ಟು ಸರಿಯುವುದಿಲ್ಲ.

4. ಎರಡೂ ಒಂದೇ ದಿಕ್ಕಿನಲ್ಲಿ ನಡೆದುದರಿಂದ ಬೇಡಿಕೆಯ ರೇಖೆ, ಬಲಕ್ಕೆ. ಜೊತೆಯಲ್ಲಿ ಪೂರೈಕೆಯ ರೇಖೆ ಸ್ವಲ್ಪ ಎಡಕ್ಕೆ ಸರಿದಿದ್ದರೂ ಇದೇ ಲಕ್ಷಣ ಕಾಣಬಹುದು. 2022ರ ಸಂಗತಿಯನ್ನು ಇದರೊಡನೆ ಹೋಲಿಸಿ ನೋಡಿ.